ಹೆರಿಗೆ ರಜೆ: ಲೆಕ್ಕದ ಕೆಲಸ ಬಿಟ್ಟುಕೊಡುವುದು ಹೇಗೆ, ವಾಪಸ್ ತೆಗೆದುಕೊಳ್ಳುವುದು ಹೇಗೆ?

ಪ್ರಶ್ನೆ: ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮ ಮನೆ. ವಸಂತನರಸಾಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಒಟ್ಟು 35 ಜನ ಇದ್ದೇವೆ. ಜಿಎಸ್‌ಟಿ, ಟಿಡಿಎಸ್, ಪಿಎಫ್ ಎಲ್ಲಾ ನನ್ನೊಬ್ಬಳ ಕೈಯಲ್ಲೇ ಇದೆ. ಸಂಬಳ 27,000, ಇಎಸ್‌ಐ ಕಡಿತ ಇಲ್ಲ. ಈಗ ಐದು ತಿಂಗಳು, ಡಾಕ್ಟರು ಫೆಬ್ರವರಿ 10 ಅಂತ ಡೇಟ್ ಕೊಟ್ಟಿದ್ದಾರೆ. ಬಾಣಂತನಕ್ಕೆ ತಿಪಟೂರಿಗೆ ತವರಿಗೆ ಹೋಗುತ್ತೇನೆ. ನಮ್ಮ ಸಾರ್ ಒಳ್ಳೆಯವರೇ, ಆದರೆ "ಲ್ಯಾಪ್‌ಟಾಪ್ ತಗೊಂಡು ಹೋಗಮ್ಮ, ಫೋನಲ್ಲಿ ಇದ್ರೆ ಸಾಕು, ಬಿಲ್ಲಿಂಗ್ ಹುಡುಗ ನೋಡ್ಕೋತಾನೆ" ಅನ್ನುತ್ತಾರೆ. ವಾಪಸ್ ಬಂದ ಮೇಲೆ ಮೊದಲ ದಿನದಿಂದಲೇ ಪೂರ್ತಿ ಕೆಲಸ ಮಾಡಲು ಆಗುತ್ತಾ ಅನ್ನೋ ಭಯವೂ ಇದೆ. ಏನು ಮಾಡಲಿ?

ಉತ್ತರ: ಲ್ಯಾಪ್‌ಟಾಪ್ ತಿಪಟೂರಿಗೆ ಹೋಗಬಾರದು. ನಿಮ್ಮ ಸಾರ್ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ "ಫೋನಲ್ಲಿ ಇದ್ರೆ ಸಾಕು" ಅಂತ ಒಪ್ಪಿಕೊಂಡ ಕಡೆಯೆಲ್ಲಾ ನಾನು ನೋಡಿರುವುದು ಒಂದೇ. ಬದಲಿ ವ್ಯಕ್ತಿ ಕೆಲಸ ಕಲಿಯುವುದೇ ಇಲ್ಲ. ಕಲಿಯುವ ಅಗತ್ಯವೇ ಅವನಿಗೆ ಬರುವುದಿಲ್ಲ, ಯಾಕೆಂದರೆ ನೀವು ಫೋನಿನಲ್ಲಿ ಇದ್ದೀರಲ್ಲ. ಕಾನೂನೂ ನಿಮ್ಮ ಕಡೆಗಿದೆ. ಹೆರಿಗೆಯಾದ ಮೇಲೆ ಆರು ವಾರ ನಿಮ್ಮಿಂದ ಯಾವ ಕೆಲಸವನ್ನೂ ಮಾಡಿಸುವ ಹಾಗಿಲ್ಲ. ನೀವೇ ಒಪ್ಪಿಕೊಂಡರೂ ಮಾಲೀಕರು ಮಾಡಿಸಬಾರದು. ಇದನ್ನು ಸಾರ್‌ಗೆ ಜಗಳದ ಧಾಟಿಯಲ್ಲಿ ಹೇಳಬೇಡಿ. "ಆರು ವಾರ ನನ್ನನ್ನು ಕೇಳುವ ಹಾಗೇ ಇಲ್ಲ ಅಂದುಕೊಂಡು ವ್ಯವಸ್ಥೆ ಮಾಡೋಣ ಸಾರ್" ಅನ್ನಿ.

ಮೊದಲು ರಜೆಯ ಲೆಕ್ಕ ಮಾಡಿಬಿಡೋಣ, ಉಳಿದದ್ದೆಲ್ಲಾ ಅದರ ಮೇಲೆ ನಿಂತಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಾಗಿನಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ 26 ವಾರ ಉಳಿದಿದೆ. ಡೇಟ್‌ಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು, ಅಷ್ಟೇ. ನಿಮಗೆ ಇಎಸ್‌ಐ ಇಲ್ಲ, ಹಾಗಾಗಿ ಆ 26 ವಾರದ ಹಣವನ್ನು ಕಂಪನಿಯೇ ಕೊಡಬೇಕು. ಈ 26 ವಾರದಲ್ಲಿ ಹೆಚ್ಚೆಂದರೆ 8 ವಾರವನ್ನು ಡೇಟ್‌ಗಿಂತ ಮುಂಚೆ ತೆಗೆದುಕೊಳ್ಳಬಹುದು. ಮುಂಚೆ ತೆಗೆದುಕೊಂಡ ಪ್ರತಿ ವಾರವೂ ಆಮೇಲಿನ ಕಡೆಯಿಂದ ಕಡಿಮೆಯಾಗುತ್ತದೆ. ಹೆರಿಗೆ ನಾಲ್ಕು ದಿನ ತಡವಾದರೂ ಆ ನಾಲ್ಕು ದಿನ 26 ವಾರದ ಒಳಗೇ ಸೇರುತ್ತದೆ.

ನಿಮ್ಮ ಡೇಟ್‌ಗೆ ಹಾಕಿ ನೋಡಿ. ಪೂರ್ತಿ 8 ವಾರ ಮುಂಚೆ ಹೊರಟರೆ ಡಿಸೆಂಬರ್ 16ರಿಂದ ರಜೆ, ಜೂನ್ 16ಕ್ಕೆ ಕೆಲಸಕ್ಕೆ ವಾಪಸ್. ಆಗ ಮಗುವಿಗೆ ನಾಲ್ಕು ತಿಂಗಳು ಚಿಲ್ಲರೆ. 4 ವಾರ ಮುಂಚೆ ಅಂದರೆ ಜನವರಿ 13ರಿಂದ ರಜೆ, ಜುಲೈ 14ಕ್ಕೆ ವಾಪಸ್. ಮಗುವಿಗೆ ಐದು ತಿಂಗಳು ತುಂಬಿರುತ್ತದೆ. 2 ವಾರ ಮುಂಚೆ ಅಂದರೆ ಜುಲೈ 28. ಕೊನೆಯವರೆಗೂ ಕೆಲಸ ಮಾಡಿ ಆಮೇಲೆ ಜಾಸ್ತಿ ರಜೆ ಉಳಿಸಿಕೊಳ್ಳೋಣ ಅಂತ ಎಲ್ಲರಿಗೂ ಆಸೆ ಇರುತ್ತದೆ. ನನ್ನ ಸಲಹೆ ಜನವರಿ 13. ಡೇಟ್‌ಗೆ ಮೂರು ವಾರ ಮುಂಚೆಯೇ ಹೆರಿಗೆಯಾದರೂ ಅದು ತಿಂಗಳು ತುಂಬಿದ ಹೆರಿಗೆಯೇ. ಅಂದರೆ ಜನವರಿ 20ರ ನಂತರ ಯಾವ ದಿನ ಬೇಕಾದರೂ ನೋವು ಬರಬಹುದು. ಒಂಬತ್ತನೇ ತಿಂಗಳಲ್ಲಿ ದಿನಾ ಶಿರಾ ರಸ್ತೆಯಲ್ಲಿ ಕಂಪನಿ ವ್ಯಾನಿನಲ್ಲಿ ಓಡಾಡುವುದು, ಆಮೇಲೆ ತಿಪಟೂರಿನವರೆಗೆ ಪ್ರಯಾಣ ಮಾಡುವುದು, ಇದೆಲ್ಲಾ ಕೊನೆ ಗಳಿಗೆಗೆ ಇಟ್ಟುಕೊಳ್ಳುವ ವಿಷಯ ಅಲ್ಲ. ಡಾಕ್ಟರು ಇನ್ನೂ ಮುಂಚೆ ನಿಲ್ಲಿಸಿ ಅಂದರೆ ಅವರ ಮಾತೇ ಕೊನೆ.

ಜನವರಿ 13ಕ್ಕೆ ಇನ್ನೊಂದು ಕಾರಣವೂ ಇದೆ. ಅದೇ ನಿಮ್ಮ ಇಡೀ ಪ್ರಶ್ನೆಗೆ ಮುಖ್ಯ ಉತ್ತರ.

ಅಕೌಂಟ್ಸ್ ಕೆಲಸ ದಿನದ ಲೆಕ್ಕದಲ್ಲಿ ನಡೆಯುವುದಿಲ್ಲ, ತಿಂಗಳ ಸುತ್ತಿನಲ್ಲಿ ನಡೆಯುತ್ತದೆ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಮಾರಾಟದ ಬಿಲ್‌ಗಳ ರಿಟರ್ನ್ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ತಿಂಗಳ ಜಿಎಸ್‌ಟಿ ಕಟ್ಟುವ ರಿಟರ್ನ್ 3ಬಿ. ಹೊಸಬರಿಗೆ ಇದನ್ನು ಒಂದು ವಾರ ಕೂರಿಸಿ ಹೇಳಿಕೊಟ್ಟರೆ ಆ ವಾರದಲ್ಲಿ ಬಂದ ಕೆಲಸ ಮಾತ್ರ ತಲೆಗೆ ಹೋಗುತ್ತದೆ. ಹಾಗಾಗಿ ಕೆಲಸ ಬಿಟ್ಟುಕೊಡುವುದು ಮೂರು ಸುತ್ತಿನಲ್ಲಿ ಆಗಲಿ. ನವೆಂಬರ್ ಸುತ್ತು ನೀವು ಮಾಡಿ, ಅವರು ಪಕ್ಕದಲ್ಲಿ ಕೂತು ನೋಡಲಿ. ಡಿಸೆಂಬರ್ ಸುತ್ತು ಅವರು ಮಾಡಲಿ, ನೀವು ಪಕ್ಕದಲ್ಲಿ ಕೂತಿರಿ. ಮೌಸ್ ಮುಟ್ಟಬೇಡಿ, ಇದು ಹೇಳಿದಷ್ಟು ಸುಲಭ ಅಲ್ಲ. ಜನವರಿ 7ರ ಟಿಡಿಎಸ್ ಮತ್ತು 11ರ ಆರ್-1 ಅವರೇ ಒಂಟಿಯಾಗಿ ಮಾಡಲಿ. ನೀವು ಅದೇ ಆಫೀಸಿನಲ್ಲಿ ಬೇರೆ ಮೇಜಿನಲ್ಲಿ ಹಳೆ ಫೈಲು ಜೋಡಿಸುತ್ತಾ ಇರಿ. ಕೇಳಿದರೆ ಮಾತ್ರ ಹೇಳಿ. 12ಕ್ಕೆ ನಿಮ್ಮ ಕೊನೆಯ ದಿನ. ಹೀಗೆ ಮಾಡಿದರೆ ನಿಮಗೆ ಹದಿನೈದು ದಿನ ಮುಂಚೆಯೇ ನೋವು ಬಂದರೂ ಡಿಸೆಂಬರ್ ಸುತ್ತನ್ನು ಒಮ್ಮೆ ಕೈಯಾರೆ ಮಾಡಿದವರು ಆಫೀಸಿನಲ್ಲಿ ಒಬ್ಬರು ಇರುತ್ತಾರೆ.

ಈಗ ಆ "ಅವರು" ಯಾರು? ಬಿಲ್ಲಿಂಗ್ ಹುಡುಗನ ತಲೆ ಮೇಲೆ ಎಲ್ಲವನ್ನೂ ಹೊರಿಸುವುದು ಬೇಡ. ಅವನಿಗೂ ಅನ್ಯಾಯ, ಕಂಪನಿಗೂ ನಷ್ಟ. ಕೆಲಸ ಮೂರು ಪಾಲು ಮಾಡಿ. ದಿನದ ವೋಚರು, ಸೇಲ್ಸ್ ಬಿಲ್, ಇ-ವೇ ಬಿಲ್, ಬ್ಯಾಂಕ್ ಎಂಟ್ರಿ ಆ ಹುಡುಗನಿಗೆ. ರಿಟರ್ನ್ ಫೈಲಿಂಗ್ ಪೂರ್ತಿ ನಿಮ್ಮ ಆಡಿಟರ್ ಆಫೀಸಿಗೆ, ಈ ಆರು ತಿಂಗಳ ಮಟ್ಟಿಗೆ ತಿಂಗಳಿಗಿಷ್ಟು ಅಂತ ಫೀಸು ಮಾತಾಡಿಕೊಂಡು. ಪೇಮೆಂಟ್ ಒಪ್ಪಿಗೆ ಸಾರ್ ಕೈಯಲ್ಲೇ. ನೀವು ಇಲ್ಲದ ಅವಧಿಯಲ್ಲೇ ಮಾರ್ಚ್ 31ರ ವರ್ಷದ ಮುಕ್ತಾಯ ಬರುತ್ತದೆ, ಅದನ್ನು ಮರೆಯಬೇಡಿ. ಎರಡು ವರ್ಷ ಬಿಲ್ ಮಾತ್ರ ಹಾಕಿದ ಹುಡುಗ ಅದನ್ನು ಒಬ್ಬನೇ ಮುಗಿಸಲಾರ. ಹಾಗಾಗಿ ಆಡಿಟರ್ ಹತ್ತಿರ ಮಾತು ಅಕ್ಟೋಬರ್‌ನಲ್ಲೇ ಆಗಬೇಕು. ಮಾರ್ಚ್ ಹತ್ತಿರ ಬಂದರೆ ಅವರಿಗೂ ಪುರುಸೊತ್ತು ಇರುವುದಿಲ್ಲ.

ಸಾರ್ "ಎರಡು ಕಡೆ ದುಡ್ಡು ಕೊಡಬೇಕಾ?" ಅನ್ನಬಹುದು. ಆಗ ಲೆಕ್ಕ ತೋರಿಸಿ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ. ಮೂರು ತಿಂಗಳಿಗೊಮ್ಮೆ ಹಾಕುವ ಟಿಡಿಎಸ್ ರಿಟರ್ನ್ ತಡವಾದರೆ ದಿನಕ್ಕೆ 200. ಇವೆಲ್ಲಾ ಸಣ್ಣ ಹಣ ಅನ್ನಿಸಬಹುದು. ನಿಜವಾದ ಏಟು ಬೇರೆ. ಆರ್-1 11ರೊಳಗೆ ಹೋಗದಿದ್ದರೆ 14ಕ್ಕೆ ತಯಾರಾಗುವ ನಿಮ್ಮ ಗಿರಾಕಿಗಳ 2ಬಿಯಲ್ಲಿ, ಅಂದರೆ ಅವರ ಖರೀದಿಯ ತೆರಿಗೆ ಕ್ರೆಡಿಟ್ ಪಟ್ಟಿಯಲ್ಲಿ, ನಿಮ್ಮ ಬಿಲ್ ಕಾಣುವುದಿಲ್ಲ. ಅವರಿಗೆ ಆ ತಿಂಗಳು ಕ್ರೆಡಿಟ್ ಸಿಗುವುದಿಲ್ಲ, ಪೇಮೆಂಟ್ ತಡೆಹಿಡಿಯುತ್ತಾರೆ. ದೊಡ್ಡ ಗಿರಾಕಿ ಒಬ್ಬರು ಒಂದು ತಿಂಗಳು ಪೇಮೆಂಟ್ ನಿಲ್ಲಿಸಿದರೆ ಏನಾಗುತ್ತದೆ ಅಂತ ನಿಮ್ಮ ಸಾರ್‌ಗೆ ನಾನು ಹೇಳಬೇಕಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಸಣ್ಣ ಕಂಪನಿಗಳಲ್ಲಿ ವ್ಯವಸ್ಥೆ ಕೆಡುವುದು ಜ್ಞಾನ ಸಾಲದೆ ಅಲ್ಲ, ಓಟಿಪಿಯಿಂದ. ಯಾವತ್ತೋ ಜಿಎಸ್‌ಟಿ ನೋಂದಣಿ ಮಾಡುವಾಗ "ನಿನ್ನ ನಂಬರೇ ಕೊಡಮ್ಮ" ಅಂದಿರುತ್ತಾರೆ. ಈಗ ಪ್ರತಿ ಫೈಲಿಂಗ್‌ಗೂ ಓಟಿಪಿ ನಿಮ್ಮ ಸ್ವಂತ ಮೊಬೈಲಿಗೇ ಬರುತ್ತದೆ. ಆಸ್ಪತ್ರೆಯಲ್ಲಿ ನೀವು ಡ್ರಿಪ್ ಹಾಕಿಸಿಕೊಂಡು ಮಲಗಿರುವಾಗ "ಅಕ್ಕಾ, ಒಂದು ಓಟಿಪಿ" ಅಂತ ಫೋನ್ ಬರುವುದು ಹೀಗೆ. ಕೆಲಸ ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದರೂ ಈ ಫೋನು ತಪ್ಪುವುದಿಲ್ಲ.

ಈ ವಾರವೇ ಒಂದು ಹಾಳೆ ತೆಗೆದುಕೊಂಡು ಮೊಬೈಲ್ ನಂಬರ್, ಮೇಲ್ ಐಡಿ, ಡಿಜಿಟಲ್ ಸಹಿಯ ಟೋಕನ್ ಎಲ್ಲೆಲ್ಲಿ ಬೇಕು ಅಂತ ಪಟ್ಟಿ ಮಾಡಿ. ಜಿಎಸ್‌ಟಿ ಪೋರ್ಟಲ್, ಆದಾಯ ತೆರಿಗೆ, ಪಿಎಫ್, ಇಎಸ್‌ಐ, ವೃತ್ತಿ ತೆರಿಗೆ, ಇ-ವೇ ಬಿಲ್, ಬ್ಯಾಂಕು, ಟ್ಯಾಲಿ. ಎದುರಿಗೆ ಯಾರ ನಂಬರ್ ಇದೆ, ಯಾರದ್ದಾಗಬೇಕು ಅಂತ ಬರೆಯಿರಿ. ಕಂಪನಿ ಹೆಸರಿನಲ್ಲೇ ಒಂದು ಹೊಸ ಸಿಮ್ ತೆಗೆಸಿ, ಆಫೀಸಿನ ಒಂದು ಸಾದಾ ಫೋನಿಗೆ ಹಾಕಿ. ಎಲ್ಲಾ ಪೋರ್ಟಲ್‌ಗೂ ಆ ನಂಬರನ್ನೇ ಕೊಡಿ. ನಂಬರ್ ಬದಲಾಯಿಸುವುದು ಕೆಲವು ಕಡೆ ಹತ್ತು ನಿಮಿಷದ ಕೆಲಸ, ಕೆಲವು ಕಡೆ ಅರ್ಜಿ ಹಾಕಿ ದಿನಗಟ್ಟಲೆ ಕಾಯಬೇಕು. ಬ್ಯಾಂಕಿನಲ್ಲಂತೂ ಫಾರಂ, ಸಹಿ, ಸೀಲು ಎಲ್ಲಾ ಕೇಳುತ್ತಾರೆ. ಎಂಟ್ರಿ ಹಾಕುವ ಐಡಿ ಹುಡುಗನಿಗೆ, ಒಪ್ಪಿಗೆ ಕೊಡುವ ಐಡಿ ಸಾರ್‌ಗೆ ಅಂತ ಬೇರೆ ಬೇರೆಯಾಗಿ ಮಾಡಿಸಿ. ನಿಮ್ಮ ಪಾಸ್‌ವರ್ಡ್ ಅವನಿಗೆ ಕೊಟ್ಟು ಹೋಗಬೇಡಿ. ನಾಳೆ ಏನಾದರೂ ಹೆಚ್ಚು ಕಡಿಮೆ ಆದರೆ ಸಿಸ್ಟಂನಲ್ಲಿ ಕಾಣುವುದು ನಿಮ್ಮ ಹೆಸರು. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಸಬ್ ಯೂಸರ್ ಮಾಡುವ ಅವಕಾಶ ಇದೆ, ಅವನಿಗೆ ಅದನ್ನು ಮಾಡಿಕೊಡಿ. ಬಿಲ್ ಆಗದೆ ಲಾರಿ ಗೇಟಿನಲ್ಲಿ ನಿಂತಾಗಲೇ ಫೋನುಗಳು ಜಾಸ್ತಿ ಬರುವುದು.

ಬದಲಾವಣೆ ಸರಿಯಾಗಿದೆಯಾ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಡಿಸೆಂಬರ್ 20ರ 3ಬಿ ಮುಗಿಯುವ ತನಕ, ಎರಡು ದಿನ ನಿಮ್ಮ ಫೋನ್ ಆಫ್ ಮಾಡಿಡಿ. ಫೈಲಿಂಗ್ ಹೋದರೆ ಸರಿ. ಎಲ್ಲಾದರೂ ಸಿಕ್ಕಿಕೊಂಡರೆ ಎಲ್ಲಿ ಅಂತ ಆವತ್ತೇ ಗೊತ್ತಾಗುತ್ತದೆ, ಸರಿಮಾಡಲು ಇನ್ನೂ ಮೂರು ವಾರ ಕೈಯಲ್ಲಿರುತ್ತದೆ.

ಬರೆದಿಡುವ ಟಿಪ್ಪಣಿ ಬಗ್ಗೆಯೂ ಒಂದು ಮಾತು. ಪೋರ್ಟಲ್‌ನಲ್ಲಿ ಎಲ್ಲಿ ಕ್ಲಿಕ್ ಮಾಡಬೇಕು ಅನ್ನುವುದನ್ನು ಬರೆಯುತ್ತಾ ಕೂರಬೇಡಿ, ಅದು ಆಡಿಟರ್ ಆಫೀಸಿನವರಿಗೆ ಗೊತ್ತು. ನಿಮಗೊಬ್ಬರಿಗೇ ಗೊತ್ತಿರುವುದನ್ನು ಬರೆಯಿರಿ. ಒಂದೊಂದು ಕೆಲಸಕ್ಕೆ ಒಂದೊಂದು ಪುಟ ಸಾಕು. 3ಬಿಯ ಪುಟ ಹೀಗಿರಬಹುದು:

"14ರ ಸಂಜೆ 2ಬಿ ಇಳಿಸಿ ನಮ್ಮ ಖರೀದಿ ಪಟ್ಟಿ ಜೊತೆ ತಾಳೆ ನೋಡುವುದು. ಪ್ಯಾಕಿಂಗ್ ಸಾಮಾನಿನವರ ಬಿಲ್ ಪ್ರತಿ ತಿಂಗಳೂ ಬಿಟ್ಟುಹೋಗಿರುತ್ತದೆ, ಅವರಿಗೆ 9ಕ್ಕೇ ಫೋನ್ ಮಾಡಿ ನೆನಪಿಸುವುದು. ಲಾರಿ ಬಾಡಿಗೆ ಬಿಲ್‌ಗಳಲ್ಲಿ ತೆರಿಗೆ ನಾವೇ ಕಟ್ಟಬೇಕಾದವು ಯಾವುವು ಅಂತ ಹಸಿರು ಫೈಲಿನಲ್ಲಿ ಗುರುತು ಹಾಕಿದೆ. 18ಕ್ಕೆ ಸಾರ್‌ಗೆ ಕಟ್ಟಬೇಕಾದ ಮೊತ್ತ ಹೇಳುವುದು. ಅವರು 19ಕ್ಕೆ ಊರಲ್ಲಿ ಇದ್ದಾರಾ ಅಂತ ಮೊದಲೇ ಕೇಳಿಕೊಳ್ಳುವುದು."

ಇಂಥ ವಾಕ್ಯಗಳೇ ನಿಮಗೆ ಬರಬಹುದಾದ ಫೋನುಗಳನ್ನು ನಿಲ್ಲಿಸುವುದು. ನವೆಂಬರ್ ಸುತ್ತಿನಲ್ಲಿ ಆ ಹುಡುಗ ಏನೇನು ಕೇಳುತ್ತಾನೋ ಅದನ್ನೆಲ್ಲಾ ಅವನ ಕೈಯಲ್ಲೇ ಬರೆಸಿ. ಟಿಪ್ಪಣಿ ತಾನಾಗಿ ತಯಾರಾಗುತ್ತದೆ.

ರಜೆಯ ವಿಷಯವನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಡಿಸೆಂಬರ್ ಮೊದಲ ವಾರದೊಳಗೆ ಮೇಲ್ ಹಾಕಿ, ಡಾಕ್ಟರ್ ಚೀಟಿ ಜೊತೆಗಿರಲಿ. ಉದ್ದ ಬೇಡ. ಜನವರಿ 13ರಿಂದ ಜುಲೈ 13ರವರೆಗೆ 26 ವಾರ ಹೆರಿಗೆ ರಜೆ, ಜುಲೈ 14ಕ್ಕೆ ಹಾಜರಿ. ಕೆಲಸ ಯಾರ್‍ಯಾರಿಗೆ ಹಂಚಿದೆ ಅನ್ನುವ ಮೂರು ಸಾಲು. ಏಪ್ರಿಲ್‌ನ ಸಂಬಳ ಪರಿಷ್ಕರಣೆಯಲ್ಲಿ ನಿಮ್ಮ ಹೆಸರನ್ನೂ ಪರಿಗಣಿಸಬೇಕು ಅನ್ನುವ ಒಂದು ಸಾಲು, ಇದನ್ನು ಬರೆಯಲು ಸಂಕೋಚ ಬೇಡ. ಹೆರಿಗೆ ರಜೆಯಲ್ಲಿ ಇದ್ದೀರಿ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವುದಾಗಲಿ, ನಿಮ್ಮ ಕೆಲಸದ ಷರತ್ತುಗಳನ್ನು ನಿಮಗೆ ನಷ್ಟವಾಗುವಂತೆ ಬದಲಾಯಿಸುವುದಾಗಲಿ ಕಾನೂನಿಗೆ ವಿರುದ್ಧ. ಹಣದ ವಿಷಯದಲ್ಲೂ ಕ್ರಮ ಇದೆ. ಹೆರಿಗೆಗೆ ಮುಂಚಿನ ಅವಧಿಯದ್ದನ್ನು ಗರ್ಭಿಣಿ ಅನ್ನುವ ದಾಖಲೆ ಕೊಟ್ಟ ಮೇಲೆ ಮುಂಗಡವಾಗಿ ಕೊಡಬೇಕು, ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ. ತಿಂಗಳು ತಿಂಗಳು ಸಂಬಳದ ಹಾಗೇ ಹಾಕುತ್ತೇವೆ ಅಂದರೆ, ನಿಮಗೆ ಅನುಕೂಲವಾದರೆ ಒಪ್ಪಬಹುದು, ಆದರೆ ಅದೂ ಮೇಲ್‌ನಲ್ಲಿ ಇರಲಿ. ದೇವರ ದಯೆ, ಎಲ್ಲಾ ಸರಿಯಾಗೇ ಆಗುತ್ತದೆ. ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿಯೋ ಹೆರಿಗೆಯಿಂದ ಆರೋಗ್ಯ ಕೆಟ್ಟೋ ತೊಂದರೆ ಆದರೆ, ವೈದ್ಯರ ದಾಖಲೆ ಮೇಲೆ ಇನ್ನೊಂದು ತಿಂಗಳ ತನಕ ಸಂಬಳ ಸಹಿತ ರಜೆ ಸಿಗುತ್ತದೆ ಅನ್ನುವುದು ಗೊತ್ತಿರಲಿ.

ಫೋನು? ಮೊದಲ ಆರು ವಾರ ಬೇಡವೇ ಬೇಡ. ಅದಾದ ಮೇಲೆ ನಿಮಗೆ ಮನಸ್ಸಿದ್ದರೆ, ವಾರಕ್ಕೊಂದು ಸಲ ಆ ಹುಡುಗ ತನ್ನ ಪ್ರಶ್ನೆಗಳನ್ನು ಒಂದೇ ಮೆಸೇಜಿನಲ್ಲಿ ಕಳಿಸಲಿ, ಮಗು ಮಲಗಿದಾಗ ಉತ್ತರ ಹೇಳಿ. ಹೇಳುವುದು ಮಾತ್ರ, ಮಾಡಿಕೊಡುವುದಲ್ಲ.

ಇನ್ನು ವಾಪಸ್ ಬರುವ ವಿಷಯ. ಇಲ್ಲಿ ಒಂದು ನೇರ ಮಾತು ಹೇಳಬೇಕು. ಮೊದಲ ತಿಂಗಳು ಅರ್ಧ ಕೆಲಸ, ಆಮೇಲೆ ಪೂರ್ತಿ ಅನ್ನುವ ಹಕ್ಕು ನಮ್ಮ ಕಾನೂನಿನಲ್ಲಿ ಇಲ್ಲ. ಇರುವುದು ಮೂರು. ಕೆಲಸದ ಸ್ವಭಾವ ಅನುಮತಿಸಿದರೆ, ಇಬ್ಬರೂ ಒಪ್ಪಿದ ಷರತ್ತಿನ ಮೇಲೆ ಮನೆಯಿಂದ ಕೆಲಸ. ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಶಿಶುಪಾಲನಾ ಕೇಂದ್ರ, ಅದು ನಿಮ್ಮ 35 ಜನರ ಕಂಪನಿಗೆ ಬರುವುದಿಲ್ಲ. ಹಾಗಾಗಿ ನಿಧಾನವಾಗಿ ಮರಳುವ ವ್ಯವಸ್ಥೆಯನ್ನು ನಿಮ್ಮ ಗಳಿಕೆ ರಜೆಯಿಂದ ನೀವೇ ಕಟ್ಟಿಕೊಳ್ಳಬೇಕು. ಅದಕ್ಕೇ ಈಗಿನಿಂದ ಇಎಲ್ ಖರ್ಚು ಮಾಡಬೇಡಿ. ಸೀಮಂತಕ್ಕೆ, ಸ್ಕ್ಯಾನಿಂಗ್‌ಗೆ ಸಿಎಲ್ ಹಾಕಿ.

ನಿಮ್ಮ ಹತ್ತಿರ 14 ಇಎಲ್ ಉಳಿದಿದೆ ಅಂತ ಇಟ್ಟುಕೊಳ್ಳೋಣ, ವಾರಕ್ಕೆ ಆರು ದಿನ ಕೆಲಸ. ಮೊದಲ ಮೂರು ವಾರ: ಸೋಮವಾರ, ಮಂಗಳವಾರ ಆಫೀಸು, ಬುಧವಾರ ಇಎಲ್, ಗುರುವಾರ ಆಫೀಸು, ಶುಕ್ರವಾರ ಮನೆಯಿಂದ ಕೆಲಸ, ಶನಿವಾರ ಇಎಲ್. ಮಗುವನ್ನು ಬಿಟ್ಟು ಸತತವಾಗಿ ಎರಡು ದಿನಕ್ಕಿಂತ ಜಾಸ್ತಿ ಹೋಗುವುದಿಲ್ಲ ಅನ್ನುವುದು ಇದರ ಗುಟ್ಟು. ಮುಂದಿನ ಐದು ವಾರ ಶನಿವಾರದ ಇಎಲ್ ಬಿಟ್ಟು ಬುಧವಾರದ್ದು ಮಾತ್ರ. ಮೂರು ವಾರಕ್ಕೆ 6, ಐದು ವಾರಕ್ಕೆ 5, ಒಟ್ಟು 11. ಉಳಿದ ಮೂರು ದಿನ ಮುಟ್ಟಬೇಡಿ, ಮಗುವಿಗೆ ಜ್ವರ ಬಂದಾಗ ಬೇಕಾಗುತ್ತದೆ. ಈ ಲೆಕ್ಕದಲ್ಲಿ ಸೆಪ್ಟೆಂಬರ್ ಎರಡನೇ ವಾರಕ್ಕೆ ನೀವು ಪೂರ್ತಿ ಕೆಲಸದಲ್ಲಿ ಇರುತ್ತೀರಿ. ಇದಕ್ಕೆ ಒಪ್ಪಿಗೆಯನ್ನು ರಜೆಗೆ ಹೊರಡುವ ಮೊದಲೇ ಮೇಲ್‌ನಲ್ಲಿ ಪಡೆಯಿರಿ. ಜುಲೈನಲ್ಲಿ ಬಂದು ಕೇಳಿದರೆ ಆಫೀಸಿನಲ್ಲಿ ಆರು ತಿಂಗಳ ಕೆಲಸ ರಾಶಿ ಬಿದ್ದಿದೆ ಅನ್ನುವ ಉತ್ತರ ಸಿಗುತ್ತದೆ.

ಕೆಲಸವನ್ನೂ ಸುತ್ತಿನ ಲೆಕ್ಕದಲ್ಲೇ ವಾಪಸ್ ತೆಗೆದುಕೊಳ್ಳಿ. ಜುಲೈ 14ಕ್ಕೆ ನೀವು ಬಂದಾಗ 3ಬಿಗೆ ಆರು ದಿನ ಇರುತ್ತದೆ. "ಬಂದ್ರಲ್ಲಾ, ನೀವೇ ಹಾಕಿಬಿಡಿ" ಅನ್ನುತ್ತಾರೆ. ಒಪ್ಪಬೇಡಿ. ಅರ್ಧ ಸುತ್ತು ಒಬ್ಬರು, ಅರ್ಧ ಇನ್ನೊಬ್ಬರು ಮಾಡಿದಾಗಲೇ ಒಂದು ಬಿಲ್ ಎರಡು ಸಲ ಬರುವುದು, ಇನ್ನೊಂದು ಬಿಟ್ಟುಹೋಗುವುದು. ಜುಲೈ ಸುತ್ತು ಅವರೇ ಮುಗಿಸಲಿ. ನೀವು ಆರು ತಿಂಗಳ ಬ್ಯಾಂಕ್ ತಾಳೆ ನೋಡಿ, ಬಾಕಿ ಇರುವ ವಿಷಯಗಳ ಪಟ್ಟಿ ಮಾಡಿ. ಆಗಸ್ಟ್‌ನಲ್ಲಿ ಟಿಡಿಎಸ್ ಮತ್ತು ಪಿಎಫ್ ನಿಮ್ಮ ಕೈಗೆ, ಜಿಎಸ್‌ಟಿ ಇನ್ನೂ ಆಡಿಟರ್ ಆಫೀಸಿನಲ್ಲೇ. ಸೆಪ್ಟೆಂಬರ್ 1ರಿಂದ ಎಲ್ಲಾ ನಿಮ್ಮದು. ಹಾಗಾಗಿ ಆಡಿಟರ್ ಜೊತೆ ಮಾತಾಡುವಾಗಲೇ ಆಗಸ್ಟ್ ಕೊನೆಯವರೆಗೆ ಅಂತ ಮಾತಾಡಿ, ಜುಲೈವರೆಗೆ ಅಲ್ಲ.

ಮನೆ ಕಡೆ ಎರಡೇ ಮಾತು. ತಿಪಟೂರಿನಿಂದ ಜುಲೈ 12ಕ್ಕೆ ಬಂದು 14ಕ್ಕೆ ಕೆಲಸಕ್ಕೆ ಹೋಗುವುದು ಬೇಡ. ಮಗುವಿಗೆ ಮನೆ, ಎತ್ತಿಕೊಳ್ಳುವ ಕೈ, ಹಾಲು ಕುಡಿಯುವ ರೀತಿ ಮೂರೂ ಒಂದೇ ವಾರದಲ್ಲಿ ಬದಲಾದರೆ ರಾತ್ರಿಯೆಲ್ಲಾ ಅಳುತ್ತದೆ. ಮೂರು ವಾರ ಮುಂಚೆಯೇ ತುಮಕೂರಿಗೆ ಬನ್ನಿ. ಆ ದಿನಗಳಲ್ಲೇ ಆಷಾಢವೂ ಬರಬಹುದು. ಬಾಣಂತಿ, ಕೂಸನ್ನು ಆಷಾಢದಲ್ಲಿ ಕಳಿಸುವುದಿಲ್ಲ ಅಂತ ಹಿರಿಯರು ತಡೆದರೆ ಎಲ್ಲಾ ಲೆಕ್ಕ ತಪ್ಪುತ್ತದೆ. ಪಂಚಾಂಗ ನೋಡಿ, ಹೊರಡುವ ದಿನವನ್ನು ಅಮ್ಮ, ಅತ್ತೆ ಇಬ್ಬರ ಹತ್ತಿರವೂ ಈಗಲೇ ಮಾತಾಡಿಡಿ.

ಎರಡನೆಯದು ಹಾಲಿನ ವಿಷಯ. ಜುಲೈ 14ಕ್ಕೆ ಮಗುವಿಗೆ ಆರು ತಿಂಗಳು ತುಂಬಿರುವುದಿಲ್ಲ. ಆಗಸ್ಟ್ 10ರವರೆಗೆ ಎದೆಹಾಲು ಮಾತ್ರ. ವ್ಯಾನಿನ ಪ್ರಯಾಣ ಸೇರಿ ನೀವು ಹತ್ತು ಗಂಟೆ ಹೊರಗಿರುತ್ತೀರಿ, ಕಾನೂನಿನ ಎರಡು ಬಿಡುವಿನಲ್ಲಿ ಮನೆಗೆ ಬಂದು ಹೋಗಲು ಆಗುವುದಿಲ್ಲ. ಆ ಬಿಡುವನ್ನು ಹಾಲು ತೆಗೆದಿಡಲು ಬಳಸಿ, ಒಳಗಿನಿಂದ ಚಿಲಕ ಹಾಕುವ ಒಂದು ಕೋಣೆ ಕೇಳಿ. ತೆಗೆದ ಹಾಲು ಕೋಣೆಯ ತಣ್ಣನೆ ಜಾಗದಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಹಾಗಾಗಿ ಆಫೀಸಿನಲ್ಲಿ ಫ್ರಿಜ್ ಇಲ್ಲದಿದ್ದರೆ ಐಸ್ ಪ್ಯಾಕ್ ಇರುವ ಚೀಲ ಬೇಕೇ ಬೇಕು. ಕೆಲಸಕ್ಕೆ ಸೇರುವ ಹದಿನೈದು ದಿನ ಮುಂಚೆಯಿಂದ ದಿನಕ್ಕೊಂದು ಸಲ ಬೇರೆಯವರ ಕೈಯಲ್ಲಿ ಒಳಲೆಯಲ್ಲೋ ಚಮಚದಲ್ಲೋ ಕುಡಿಸಿ ಅಭ್ಯಾಸ ಮಾಡಿಸಿ. ಇದ್ದಕ್ಕಿದ್ದ ಹಾಗೆ ಬಿಟ್ಟರೆ ಮಗು ಹಟ ಮಾಡುತ್ತದೆ, ನಿಮಗೂ ಎದೆ ಗಟ್ಟಿಯಾಗಿ ನೋವು ಬರುತ್ತದೆ.

ಸೆಪ್ಟೆಂಬರ್‌ನಲ್ಲಿ ಎಲ್ಲಾ ವಾಪಸ್ ತೆಗೆದುಕೊಂಡ ಮೇಲೂ ಆ ಹುಡುಗನ ಸಬ್ ಯೂಸರ್ ಐಡಿ, ಬ್ಯಾಂಕಿನ ಎಂಟ್ರಿ ಐಡಿ ತೆಗೆಸಬೇಡಿ. ಕಂಪನಿ ಸಿಮ್ಮೂ ಆಫೀಸಿನಲ್ಲೇ ಇರಲಿ. ನವೆಂಬರ್ 10ಕ್ಕೆ ಮಗುವಿಗೆ ಒಂಬತ್ತು ತಿಂಗಳು ತುಂಬುತ್ತದೆ, ದಡಾರದ ಲಸಿಕೆ ಹಾಕಿಸಬೇಕು, ರಾತ್ರಿ ಜ್ವರ ಬಂದರೂ ಬರಬಹುದು. ಮರುದಿನವೇ ಆರ್-1ರ ಕೊನೆಯ ದಿನ.